ಕರಡಿನ ಉದ್ದ ವಾಕ್ಯ ಬಿಡಿಸುವುದು: ಅಲ್ಪವಿರಾಮ ಎಲ್ಲಿ ಸಾಲದು, ಅರ್ಧವಿರಾಮ ಎಲ್ಲಿ ಬೇಕು

ಕಾರವಾರದ ಕಡೆಯ ಮೀನುಗಾರಿಕೆ ಬಗ್ಗೆ ಪ್ರಾಜೆಕ್ಟ್ ಬರೆಯುವವರ ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ. ನೋಟ್ಸ್‌ಗಾಗಿ ನಾನೇ ಬರೆದ ಮಾದರಿ ಇದು:

«ರಂಪಣಿ ಬಲೆಯನ್ನು ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಡುತ್ತಾರೆ, ಎರಡೂ ತುದಿಯ ಹಗ್ಗ ದಡದಲ್ಲಿ ಇರುತ್ತದೆ, ಊರಿನವರೆಲ್ಲ ಸೇರಿ ಎಳೆಯುತ್ತಾರೆ, 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದವು ಅವು ಮೀನಿನ ಹಿಂಡನ್ನು ಸಮುದ್ರದಲ್ಲೇ ಸುತ್ತುವರಿದು ಹಿಡಿಯತೊಡಗಿದವು, ತಾರ್ಲೆ ಬಂಗಡೆ ದಡದ ಹತ್ತಿರ ಬರುವುದು ಕಡಿಮೆಯಾಯಿತು, ರಂಪಣಿ ಎಳೆಯುವವರಿಗೆ ಕೆಲಸ ಇಲ್ಲ, ಈಗಲೂ ಕೆಲವು ಕಡೆ ರಂಪಣಿ ಎಳೆಯುತ್ತಾರೆ.»

ಪೂರ್ಣವಿರಾಮ ಇರುವುದು ಒಂದೇ ಒಂದು. ಓದುವವರಿಗೆ ಉಸಿರು ಕಟ್ಟುತ್ತದೆ ಎನ್ನುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಬೇರೆ: ಯಾವುದು ಯಾವುದಕ್ಕೆ ಕಾರಣ, ಯಾವುದು ಯಾವುದಕ್ಕೆ ವಿರುದ್ಧ ಎಂದು ಇಲ್ಲಿ ಬರೆದವರು ಹೇಳಿಯೇ ಇಲ್ಲ. ಅಲ್ಪವಿರಾಮ ಹಾಕಿ ಮುಂದೆ ಹೋಗಿದ್ದಾರೆ, ಅಷ್ಟೇ.

ಮೊದಲ ಕೆಲಸ, ಪೂರ್ಣ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯುವುದು. ಬಿಡುತ್ತಾರೆ, ಇರುತ್ತದೆ, ಎಳೆಯುತ್ತಾರೆ, ಬಂದವು, ಹಿಡಿಯತೊಡಗಿದವು, ಕಡಿಮೆಯಾಯಿತು, ಇಲ್ಲ, ಎಳೆಯುತ್ತಾರೆ. ಒಟ್ಟು ಎಂಟು. ಕನ್ನಡದಲ್ಲಿ ಇಂಥ ಪದ ಬಂತು ಅಂದ್ರೆ ವಾಕ್ಯ ಅಲ್ಲಿಗೆ ಮುಗಿಯಬಹುದು. ‘ಒಯ್ದು’, ‘ಸೇರಿ’, ‘ಸುತ್ತುವರಿದು’ ಹಾಗಲ್ಲ. ಅವು ಮುಂದಿನ ಕ್ರಿಯಾಪದಕ್ಕೆ ಕಾಯುತ್ತವೆ. ‘ಇಲ್ಲ’ವನ್ನು ಎಣಿಸಲು ತುಂಬ ಜನ ಮರೆಯುತ್ತಾರೆ, ಆದರೆ ಅದೂ ವಾಕ್ಯ ಮುಗಿಸುವ ಪದವೇ. ಕಂಪ್ಯೂಟರಿನಲ್ಲಿ ಟೈಪ್ ಮಾಡಿದ್ದರೆ Ctrl+F ಒತ್ತಿ ‘ತ್ತಾರೆ,’ ‘ತ್ತದೆ,’ ‘ಯಿತು,’ ಎಂದು ಅಲ್ಪವಿರಾಮ ಸೇರಿಸಿಯೇ ಹುಡುಕಿ. ಅನುಮಾನದ ಜಾಗ ಬೇಗ ಸಿಗುತ್ತವೆ.

ಒಂದು ಎಚ್ಚರ. ‘ಮೀನು ಬಂತು ಎಂದು ಕೂಗಿದರು’ ಎಂಬಲ್ಲಿ ‘ಬಂತು’ ಪೂರ್ಣ ಕ್ರಿಯಾಪದವೇ, ಆದರೂ ವಾಕ್ಯ ಅಲ್ಲಿ ಮುಗಿದಿಲ್ಲ. ‘ಎಂದು’, ‘ಅಂತ’, ‘ಎಂಬ’ ಹಿಂದೆಯೇ ಬಂದರೆ ಅದನ್ನು ಬಿಟ್ಟುಬಿಡಿ. ‘ಎಷ್ಟು ಜನ ಬಂದರೋ ಅಷ್ಟು ಜನ ಎಳೆದರು’ ಎಂಬಲ್ಲಿನ ‘ಬಂದರೋ’ ಕೂಡ ಹಾಗೆಯೇ.

ಎಂಟು ಕ್ರಿಯಾಪದ ಅಂದರೆ ಏಳು ಸಂದು. ಪ್ರತಿ ಸಂದಿನಲ್ಲೂ ನಿಂತು, ಈ ಎರಡು ಮಾತಿಗೆ ಸಂಬಂಧ ಏನು ಅಂತ ಕೇಳಿಕೊಳ್ಳಬೇಕು.

ಮೊದಲ ಸಂದಿನಲ್ಲಿ ಬಲೆ ಬಿಡುವ ಮಾತು ಮುಗಿದು ಹಗ್ಗದ ಮಾತು ಶುರುವಾಗುತ್ತದೆ. ಪೂರ್ಣವಿರಾಮ ಸಾಕು. ಮೂರನೆಯದರಲ್ಲಿ ಕಾಲವೇ ಬದಲಾಗಿದೆ, ಅಲ್ಲೂ ಪೂರ್ಣವಿರಾಮ. ನಾಲ್ಕನೆಯದರಲ್ಲಿ, ‘ಬಂದವು ಅವು’ ಎಂಬಲ್ಲಿ, ಚಿಹ್ನೆಯೇ ಇಲ್ಲ. ಇಲ್ಲಿ ಚಿಹ್ನೆ ಹುಡುಕುವುದಕ್ಕಿಂತ ಕ್ರಿಯಾಪದವನ್ನೇ ಬದಲಿಸುವುದು ಒಳ್ಳೆಯದು: ‘1970ರ ದಶಕದಲ್ಲಿ ಬಂದ ಪರ್ಸೀನ್ ದೋಣಿಗಳು...’. ‘ಬಂದವು’ ಹೋಗಿ ‘ಬಂದ’ ಆಯಿತು, ‘ಅವು’ ಬೇಡವಾಯಿತು. ಕನ್ನಡದಲ್ಲಿ ಇದು ತುಂಬ ಸಲೀಸಾದ ದಾರಿ, ಆದರೂ ಕರಡು ತಿದ್ದುವಾಗ ನಮಗೆ ಥಟ್ಟನೆ ಹೊಳೆಯುವುದಿಲ್ಲ.

ಐದನೆಯ ಸಂದಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಪರ್ಸೀನ್ ದೋಣಿಗಳು ಸಮುದ್ರದಲ್ಲೇ ಮೀನು ಹಿಡಿಯತೊಡಗಿದವು, ದಡದ ಹತ್ತಿರ ಮೀನು ಕಡಿಮೆಯಾಯಿತು. ಒಂದರ ನಂತರ ಇನ್ನೊಂದು ಆಯಿತೇ, ಒಂದರಿಂದ ಇನ್ನೊಂದು ಆಯಿತೇ? ‘ಹಿಡಿಯತೊಡಗಿದ ಮೇಲೆ’ ಅಂದರೆ ಬರೀ ಕ್ರಮ ಹೇಳಿದಂತೆ. ‘ಹಿಡಿಯತೊಡಗಿದ್ದರಿಂದ’ ಅಂದರೆ ಕಾರಣ ಹೇಳಿದಂತೆ, ಆಗ ಅದಕ್ಕೆ ಆಧಾರ ಕೊಡಬೇಕು. ಬೈತಖೋಲದಲ್ಲೋ ಮಾಜಾಳಿಯಲ್ಲೋ ಹಿರಿಯ ಮೀನುಗಾರರನ್ನು ಮಾತಾಡಿಸಿ, ಅವರು ಹಾಗೆ ಹೇಳಿದ್ದರೆ ‘ಇದರಿಂದ’ ಎಂದು ಧೈರ್ಯವಾಗಿ ಬರೆಯಿರಿ. ಇಲ್ಲದಿದ್ದರೆ ‘ಆ ನಂತರ’ ಎಂದೇ ಇರಲಿ. ಸುಮ್ನೆ ಅಲ್ಪವಿರಾಮ ಹಾಕಿದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಕೊನೆಯ ಸಂದಿನಲ್ಲಿ ಇನ್ನೂ ಒಂದು ಅಡಗಿದೆ. ‘ಕೆಲಸ ಇಲ್ಲ’ ಎಂದ ಮೇಲೆ ‘ಈಗಲೂ ಎಳೆಯುತ್ತಾರೆ’ ಹೇಗೆ? ಎರಡೂ ಒಟ್ಟಿಗೆ ನಿಜವಾಗಲಾರದು. ನಡುವೆ ‘ಆದರೂ’ ಹಾಕಲು ಹೋದಾಗಲೇ ಇದು ಕಣ್ಣಿಗೆ ಬೀಳುತ್ತದೆ. ‘ಇಲ್ಲ’ವನ್ನು ‘ಕಡಿಮೆಯಾಯಿತು’ ಎಂದು ತಿದ್ದಿದರೆ ಸರಿಹೋಗುತ್ತದೆ.

ಈಗ ಎರಡನೆಯ ಸಂದು, ಅರ್ಧವಿರಾಮದ ಜಾಗ. ‘ಎರಡೂ ತುದಿಯ ಹಗ್ಗ ದಡದಲ್ಲೇ ಇರುತ್ತದೆ; ಅದನ್ನು ಊರಿನವರೆಲ್ಲ ಸೇರಿ ಎಳೆಯುತ್ತಾರೆ.’ ಎರಡೂ ಪೂರ್ತಿ ವಾಕ್ಯ, ಎರಡೂ ಹಗ್ಗದ ಮಾತು. ಅರ್ಧವಿರಾಮ ಸರಿಯೋ ಅಂತ ನೋಡಲು ಆ ಜಾಗದಲ್ಲಿ ಪೂರ್ಣವಿರಾಮ ಇಟ್ಟು ಓದಿ. ಎರಡೂ ಕಡೆ ಸ್ವಂತವಾಗಿ ನಿಂತರೆ ಸರಿ. ‘ಬಲೆ ಬಿಟ್ಟು; ಹಗ್ಗ ಎಳೆಯುತ್ತಾರೆ’ ತಪ್ಪು, ಏಕೆಂದರೆ ‘ಬಲೆ ಬಿಟ್ಟು’ ಸ್ವಂತವಾಗಿ ನಿಲ್ಲುವುದಿಲ್ಲ. ಉಪವಾಕ್ಯ ಮುಗಿದಲ್ಲಿ ಅರ್ಧವಿರಾಮ ಎಂಬ ಶಾಲೆಯ ಪಾಠ ನೆನಪಿಟ್ಟುಕೊಂಡು ‘ಬಿಟ್ಟು’, ‘ಹೋದಾಗ’, ‘ಬಂದರೆ’ ಎಲ್ಲದರ ಮುಂದೆಯೂ ಅದನ್ನು ಹಾಕಬೇಡಿ.

ತಿದ್ದಿದ ಕರಡು:

«ರಂಪಣಿ ಬಲೆಯನ್ನು ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಡುತ್ತಾರೆ. ಎರಡೂ ತುದಿಯ ಹಗ್ಗ ದಡದಲ್ಲೇ ಇರುತ್ತದೆ; ಅದನ್ನು ಊರಿನವರೆಲ್ಲ ಸೇರಿ ಎಳೆಯುತ್ತಾರೆ. 1970ರ ದಶಕದಲ್ಲಿ ಬಂದ ಪರ್ಸೀನ್ ದೋಣಿಗಳು ಮೀನಿನ ಹಿಂಡನ್ನು ಸಮುದ್ರದಲ್ಲೇ ಸುತ್ತುವರಿದು ಹಿಡಿಯತೊಡಗಿದವು. ಇದರಿಂದ ತಾರ್ಲೆ, ಬಂಗಡೆ ದಡದ ಹತ್ತಿರ ಬರುವುದು ಕಡಿಮೆಯಾಗಿ, ರಂಪಣಿ ಎಳೆಯುವವರಿಗೆ ಕೆಲಸ ಕಡಿಮೆಯಾಯಿತು. ಆದರೂ ಕೆಲವು ಕಡೆ ಈಗಲೂ ರಂಪಣಿ ಎಳೆಯುತ್ತಾರೆ.»

ಅರ್ಧವಿರಾಮ ಇಡೀ ಪ್ಯಾರಾದಲ್ಲಿ ಒಂದೇ ಸಲ ಬಂದಿದೆ. ಅಷ್ಟೇ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಎಲ್ಲ ಅಲ್ಪವಿರಾಮವನ್ನೂ ತೆಗೆದು ಅರ್ಧವಿರಾಮ ಮಾಡಿದರೆ ಗೆರೆ ಬದಲಾಯಿತೇ ಹೊರತು ಸಂಬಂಧ ಸ್ಪಷ್ಟವಾಗಲಿಲ್ಲ.

ಆರನೆಯ ಸಂದಿನಲ್ಲಿ ಬಳಸಿದ ‘ಕಡಿಮೆಯಾಗಿ’ ಥರದ ರೂಪಕ್ಕೂ ಮಿತಿ ಇದೆ. ‘ಊರಿನವರು ಹಗ್ಗ ಎಳೆದು ಮೀನು ದಡಕ್ಕೆ ಬಂತು’ ಕಿವಿಗೆ ಹೊಂದುವುದಿಲ್ಲ, ಅಲ್ವಾ? ಎಳೆದವರು ಒಬ್ಬರು, ಬಂದದ್ದು ಇನ್ನೊಂದು. ‘ಎಳೆದಾಗ’ ಅನ್ನಿ. ‘ಮಳೆ ಬಂದು ಹೊಳೆ ತುಂಬಿತು’ ಎಂಬಲ್ಲಿ ಒಂದರಿಂದಲೇ ಇನ್ನೊಂದು ತಾನಾಗಿ ಆಗಿದೆ, ಹಾಗಾಗಿ ನಡೆಯುತ್ತದೆ. ಇನ್ನು ‘ಹೋಗಿ, ಬಿಟ್ಟು, ತಿರುಗಿ, ಎಳೆದು, ಹಂಚಿ’ ಎಂದು ಐದಾರು ಪೋಣಿಸಿದರೆ ಹಳೆಯ ಉದ್ದ ವಾಕ್ಯವೇ ಬೇರೆ ವೇಷದಲ್ಲಿ ಬಂದಂತಾಗುತ್ತದೆ.

ಕಥೆ ಹೇಳುವಾಗ ಮಾತ್ರ ‘ಗಾಳಿ ಎದ್ದಿತು, ಬಲೆ ಹರಿಯಿತು, ದೋಣಿ ತಿರುಗಿತು’ ಚೆನ್ನಾಗಿಯೇ ಇರುತ್ತದೆ. ಮೂರೂ ಗಿಡ್ಡ, ಒಂದೇ ಅಳತೆ, ಬೇಗ ಬೇಗ ಆದ ಸಂಗತಿ. ಇದನ್ನು ತಿದ್ದಬೇಡಿ.

ಅರ್ಧವಿರಾಮಕ್ಕೆ ಇನ್ನೊಂದು ಕೆಲಸವಿದೆ. ಪಟ್ಟಿಯೊಳಗೆ ಮೊದಲೇ ಅಲ್ಪವಿರಾಮ ಇದ್ದರೆ ಗುಂಪುಗಳನ್ನು ಬೇರೆ ಮಾಡಲು ಅದು ಬೇಕು: ‘ಕಾರವಾರ ತಾಲ್ಲೂಕಿನ ಬೈತಖೋಲ, ಮಾಜಾಳಿ; ಅಂಕೋಲಾದ ಬೇಲೆಕೇರಿ, ಹಾರವಾಡ; ಹೊನ್ನಾವರದ ಕಾಸರಕೋಡ, ಮಂಕಿ.’

ಇದೇ ಪ್ರಾಜೆಕ್ಟನ್ನು ಇಂಗ್ಲಿಷಿನಲ್ಲಿ ಬರೆಯುವವರಿಗೆ ನಿಯಮ ಇನ್ನೂ ಬಿಗಿ. ಎರಡು ಪೂರ್ತಿ ವಾಕ್ಯವನ್ನು ಬರೀ ಕಾಮಾದಿಂದ ಅಂಟಿಸಿದರೆ ಅದನ್ನು ಕಾಮಾ ಸ್ಪ್ಲೈಸ್ ಎಂದು ಕರೆದು ತಪ್ಪು ಹಾಕುತ್ತಾರೆ. ಕಾಮಾ ಹಾಕಿ ‘ಬಟ್’, ‘ಆಂಡ್’, ‘ಸೋ’ ಬರೆದರೆ ಸರಿ. ನಾವು ಎಡವುವುದು ‘ಹವೆವರ್’, ‘ದೇರ್‌ಫೋರ್’ ಹತ್ತಿರ. ‘ಹವೆವರ್’ ಕೂಡ ‘ಆದರೆ’ಯೇ ಅಂದುಕೊಂಡು ಅದರ ಹಿಂದೆ ಕಾಮಾ ಹಾಕುತ್ತೇವೆ. ಇವು ಎರಡು ವಾಕ್ಯಗಳ ನಡುವೆ ಬಂದಾಗ ಹಿಂದೆ ಸೆಮಿಕೋಲನ್ ಅಥವಾ ಫುಲ್‌ಸ್ಟಾಪ್, ಮುಂದೆ ಕಾಮಾ ಇರಬೇಕು.