ಪುಟ್ ಕೊಂಡರೆ ಸಾಲದು, ಅದರಿಂದ ಹೊರಬರುವ ದಾರಿಯೂ ಗೊತ್ತಿರಬೇಕು

2019ರ ಅಕ್ಟೋಬರ್ 22ರಂದು ಇನ್ಫೋಸಿಸ್ ಷೇರು ಒಂದೇ ದಿನದಲ್ಲಿ ಸುಮಾರು ಶೇ. 16ರಷ್ಟು ಕುಸಿಯಿತು. ಕಂಪನಿಯ ಲೆಕ್ಕಪತ್ರಗಳ ಬಗ್ಗೆ ಅನಾಮಧೇಯ ದೂರು ಬಂದಿರುವ ಸುದ್ದಿ ಹೊರಬಿದ್ದಾಗ ಮಾರುಕಟ್ಟೆಗೆ ರಜೆ ಇತ್ತು. ಆರೋಪಗಳಿಗೆ ಪುರಾವೆಯಿಲ್ಲವೆಂದು ಮುಂದಿನ ಜನವರಿಯಲ್ಲಿ ಕಂಪನಿಯ ಆಡಿಟ್ ಸಮಿತಿ ಹೇಳಿತು, ಷೇರೂ ಚೇತರಿಸಿಕೊಂಡಿತು. ಆದರೆ ಆ ದಿನ, ಬೆಲೆ ಇಂತಿಷ್ಟಕ್ಕೆ ಇಳಿದರೆ ಮಾರಿಬಿಡಿ ಎಂಬ ಸ್ಟಾಪ್ ಲಾಸ್ ಆರ್ಡರ್ ಹಾಕಿಟ್ಟವರಿಗೂ ರಕ್ಷಣೆ ಸಿಗಲಿಲ್ಲ. ರಜೆಯ ಮರುದಿನ ಬೆಲೆ ತೆರೆದದ್ದೇ ಬಹಳ ಕೆಳಗೆ. ನಡುವಿನ ಬೆಲೆಗಳಲ್ಲಿ ವ್ಯಾಪಾರವೇ ನಡೆಯದಿದ್ದಾಗ ಸ್ಟಾಪ್ ಲಾಸ್ ಏನು ಮಾಡೀತು? ಸಿಕ್ಕ ಬೆಲೆಗೆ ಮಾರಿ ಕೈತೊಳೆದುಕೊಳ್ಳುತ್ತದೆ. ಅದೂ ಚೇತರಿಕೆಗೆ ಮೊದಲೇ.

ಇಂಥ ಹೊತ್ತಿಗೆ ಕೆಲಸಕ್ಕೆ ಬರುವುದು ಪುಟ್ ಆಪ್ಷನ್. ನಿಗದಿತ ದಿನದಂದು ನಿಗದಿತ ಬೆಲೆಗೆ ಷೇರು ಮಾರುವ ಹಕ್ಕನ್ನು ಪ್ರೀಮಿಯಂ ಕೊಟ್ಟು ಮೊದಲೇ ಕೊಂಡಿಟ್ಟುಕೊಳ್ಳುವುದು. ಆ ನಿಗದಿತ ಬೆಲೆಗೆ ಸ್ಟ್ರೈಕ್, ಆ ದಿನಕ್ಕೆ ಎಕ್ಸ್‌ಪೈರಿ ಎನ್ನುತ್ತಾರೆ.

ಒಂದು ಕಾಲ್ಪನಿಕ ಲೆಕ್ಕ ನೋಡೋಣ. ನಿಮ್ಮಲ್ಲಿ 1,500 ರೂಪಾಯಿ ಬೆಲೆಯ 400 ಷೇರುಗಳಿವೆ, ಒಟ್ಟು ಮೌಲ್ಯ 6 ಲಕ್ಷ. ಆಪ್ಷನ್ ಸಿಗುವುದು ಲಾಟ್ ಎಂಬ ಇಡೀ ಕಟ್ಟುಗಳಲ್ಲಿ; ಒಂದು ಲಾಟ್ ಕೂಡ 400 ಷೇರೇ ಎಂದಿಟ್ಟುಕೊಳ್ಳಿ. ತ್ರೈಮಾಸಿಕ ಫಲಿತಾಂಶಕ್ಕೆ ಮುಂಚೆ 1,440ರ ಸ್ಟ್ರೈಕ್‌ನ ಪುಟ್ ಅನ್ನು ಷೇರಿಗೆ 24 ರೂಪಾಯಿಯಂತೆ ಕೊಂಡಿರಿ. ಖರ್ಚು 9,600. ಷೇರು 1,260ಕ್ಕೆ ಬಿತ್ತೆನ್ನಿ. ಷೇರಿನಲ್ಲಿ 96,000 ಹೋಯಿತು; ಪುಟ್ಟಿನ ಮೌಲ್ಯ ಎಕ್ಸ್‌ಪೈರಿಯಲ್ಲಿ 72,000. ಪ್ರೀಮಿಯಂ ಸೇರಿಸಿದರೂ ನಿಮ್ಮ ನಷ್ಟ 33,600. ಷೇರು ಸಾವಿರಕ್ಕೆ ಇಳಿದರೂ ಎಕ್ಸ್‌ಪೈರಿಯ ಹೊತ್ತಿಗೆ ನಷ್ಟ ಅಷ್ಟೇ. 1,500ರಿಂದ 1,440ರವರೆಗಿನ ಮೊದಲ 60 ರೂಪಾಯಿ ಇಳಿಕೆ ಮಾತ್ರ ನಿಮ್ಮ ತಲೆಗೇ, ವಾಹನ ವಿಮೆಯ ಕ್ಲೇಮಿನಲ್ಲಿ ಮೊದಲ ಒಂದಿಷ್ಟನ್ನು ನಾವೇ ಭರಿಸುವ ಹಾಗೆ. ಅದೂ ಬೇಡವೆಂದು 1,500ರ ಸ್ಟ್ರೈಕನ್ನೇ ಹಿಡಿದರೆ ಪ್ರೀಮಿಯಂ ಬಹಳ ಹೆಚ್ಚುತ್ತದೆ.

ಇದನ್ನು ಕೇಳಿದವರು ‘ಹಾಗಾದ್ರೆ ಪ್ರತಿ ತಿಂಗಳೂ ತಗೊಂಡುಬಿಡೋಣ ಸಾರ್’ ಎನ್ನುವುದುಂಟು. ತಿಂಗಳಿಗೆ 9,600 ಎಂದರೆ ವರ್ಷಕ್ಕೆ 1,15,200. ಆರು ಲಕ್ಷದ ಆಸ್ತಿಗೆ ಶೇ. 19ರಷ್ಟು ಖರ್ಚು! ಅಷ್ಟು ಭಯವಿದ್ದರೆ ಷೇರಿನ ಒಂದು ಪಾಲನ್ನು ಮಾರಿಬಿಡುವುದೇ ಮೇಲು. ಪುಟ್ಟನ್ನು ನಾನು ಒಪ್ಪುವುದು ಮುಂದೆ ಗೊತ್ತಾದ ಒಂದು ಅಪಾಯದ ದಿನವಿದ್ದು, ಷೇರನ್ನು ಈಗ ಮಾರಲು ಸರಿಯಾದ ಅಡ್ಡಿಯಿದ್ದಾಗ ಮಾತ್ರ. ಇನ್ನೆರಡು ತಿಂಗಳು ಕಾದರೆ ದೀರ್ಘಾವಧಿ ತೆರಿಗೆ ದರ ಸಿಗುತ್ತದೆ ಎನ್ನುವಂಥ ಅಡ್ಡಿ. ಫಲಿತಾಂಶ ಹತ್ತಿರವಾದಂತೆ ಪ್ರೀಮಿಯಂ ಉಬ್ಬಿರುತ್ತದೆ, ಪ್ರಕಟವಾದ ಮರುದಿನ ಅನಿಶ್ಚಿತತೆ ಕರಗಿ ಇಳಿಯುತ್ತದೆ. ಹಾಗಾಗಿ ಷೇರು ಸ್ವಲ್ಪವೇ ಬಿದ್ದರೆ ಪುಟ್ಟಿನ ಬೆಲೆಯೂ ಬೀಳಬಹುದು. ಹೊಸಬರಿಗೆ ಇದು ಅನ್ಯಾಯವೆನಿಸುತ್ತದೆ.

ಹೆಚ್ಚಿನವರು ಎಡವುವುದು ಎಕ್ಸ್‌ಪೈರಿಯಲ್ಲಿ. ನಮ್ಮಲ್ಲಿ ಬಿಡಿ ಷೇರುಗಳ ಆಪ್ಷನ್ ಈಗ ಹಣದಲ್ಲಿ ಚುಕ್ತಾ ಆಗುವುದಿಲ್ಲ, ಷೇರನ್ನೇ ಕೊಡಬೇಕು. ಎಲ್ಲ ಷೇರುಗಳಿಗೂ ಇದು 2019ರ ಅಕ್ಟೋಬರ್ ಹೊತ್ತಿಗೆ ಜಾರಿಯಾಯಿತು. ಮೇಲಿನ ಪುಟ್ಟನ್ನು ಕೊನೆಯವರೆಗೂ ಹಿಡಿದರೆ 400 ಷೇರುಗಳೂ 1,440ಕ್ಕೆ ಹೋಗುತ್ತವೆ; 5.76 ಲಕ್ಷ ಬರುತ್ತದೆ, ಬಂಡವಾಳ ಲಾಭದ ತೆರಿಗೆಯೂ ಬರುತ್ತದೆ. ಷೇರು ಉಳಿಸಿಕೊಳ್ಳಲೆಂದೇ ವಿಮೆ ಮಾಡಿಸಿದವರಿಗೆ ಇದು ಆಘಾತ. ಷೇರುಗಳು ಬೇರೆ ಡಿಮ್ಯಾಟ್‌ನಲ್ಲೋ ಹೆಂಡತಿಯ ಹೆಸರಲ್ಲೋ ಇದ್ದರೆ ಇನ್ನೂ ಕಷ್ಟ: ನೀವು ಕೊಡಲಾಗದ ಷೇರನ್ನು ಹರಾಜಿನಲ್ಲಿ ಕೊಂಡು ವೆಚ್ಚವನ್ನು ನಿಮ್ಮ ಮೇಲೆ ಹಾಕುತ್ತಾರೆ. ಎಕ್ಸ್‌ಪೈರಿಗೆ ಮುಂಚಿನ ಕೆಲವು ದಿನ ಬ್ರೋಕರ್ ಹೆಚ್ಚುತ್ತಾ ಹೋಗುವ ಮಾರ್ಜಿನ್ ಎಂಬ ಠೇವಣಿ ಕೇಳುವುದೂ ಇದೇ ಕಾರಣಕ್ಕೆ.

ಷೇರು ಬೇಕೆಂದರೆ ಪುಟ್ಟನ್ನು ಎಕ್ಸ್‌ಪೈರಿಗೆ ಮುಂಚೆಯೇ ಮಾರಿ ಹೊರಬನ್ನಿ. ಷೇರಿನ ಬೆಲೆ ತುಂಬ ಕುಸಿದಿದ್ದರೆ ಆ ಪುಟ್ ಕೊಳ್ಳುವವರು ವಿರಳ. 180 ರೂಪಾಯಿ ಮೌಲ್ಯದ ಪುಟ್ಟಿಗೆ 172 ಕೇಳುತ್ತಾರೆ. ಸಿಕ್ಕ ಬೆಲೆಗೆ ಮಾರುವ ಮಾರ್ಕೆಟ್ ಆರ್ಡರ್ ಹಾಕಬೇಡಿ. ಕನಿಷ್ಠ ಬೆಲೆಯನ್ನು ನೀವೇ ಹೇಳುವ ಲಿಮಿಟ್ ಆರ್ಡರ್ ಹಾಕಿ, ಐವತ್ತು ಪೈಸೆ, ಒಂದು ರೂಪಾಯಿ ಇಳಿಸುತ್ತಾ ಹೋಗಿ. ಕೊನೆಯ ದಿನಕ್ಕೆ ಇಡಬೇಡಿ.

ಲಾಟಿಗಿಂತ ಕಡಿಮೆ ಷೇರಿದ್ದವರಿಗೆ ಈ ದಾರಿ ಹೊಂದುವುದಿಲ್ಲ. 250 ಷೇರಿಟ್ಟುಕೊಂಡು 400ರ ಪುಟ್ ಕೊಂಡರೆ ಉಳಿದ 150ರ ಮಟ್ಟಿಗೆ ಅದು ಜೂಜು. ನಿಫ್ಟಿ ಪುಟ್ ಕೊಂಡರೆ ಸಾಕೆಂದು ಕೆಲವರು ಹೇಳುತ್ತಾರೆ. ಆದರೆ ಇನ್ಫೋಸಿಸ್ ಶೇ. 16 ಬಿದ್ದ ದಿನ ನಿಫ್ಟಿ ಶೇ. 1ರಷ್ಟೂ ಇಳಿದಿರಲಿಲ್ಲ.

ಬೆಂಗಳೂರಿನ ಎಷ್ಟೋ ಉದ್ಯೋಗಿಗಳ ಸಂಪತ್ತೆಲ್ಲ ಸ್ವಂತ ಕಂಪನಿಯ ಷೇರಿನಲ್ಲೇ ಇರುತ್ತದೆ. ಅವರು ಆರ್ಡರ್ ಹಾಕುವ ಮೊದಲು ಕಂಪನಿಯ ಇನ್‌ಸೈಡರ್ ಟ್ರೇಡಿಂಗ್ ನಿಯಮಾವಳಿಯನ್ನು ಓದಬೇಕು. ಸೂಕ್ಷ್ಮ ಮಾಹಿತಿ ಕೈಗೆ ಸಿಗಬಹುದಾದ ಹುದ್ದೆಯಲ್ಲಿರುವವರು ಕಂಪನಿಯ ಷೇರಿನ ಆಪ್ಷನ್ ಕೊಳ್ಳುವುದನ್ನು ಹಲವು ಕಂಪನಿಗಳು ಪೂರ್ತಿ ನಿಷೇಧಿಸಿವೆ.