ದಸರಾ ತಿಂಗಳ ಮೆಸ್ ಬಿಲ್ ಲೆಕ್ಕ
ಪೋಷಕರಿಗೆ ನಮಸ್ಕಾರ.

ಅಕ್ಟೋಬರ್ ಬಿಲ್ ಕೈಗೆ ಬಂದ ಮೇಲೆ ಸಕಲೇಶಪುರ, ಅರಕಲಗೂಡು ಕಡೆಯ ಹಲವರು ಫೋನ್ ಮಾಡಿದಿರಿ. 'ಮಗ ರಜೆಗೆ ಹತ್ತು ದಿನ ಮನೆಯಲ್ಲೇ ಇದ್ದ, ಆದರೂ ಬಿಲ್ ಇಷ್ಟೇ ಯಾಕೆ ಇಳಿದಿದೆ ಸಾರ್?' ಅಂತ ಕೇಳಿದಿರಿ. ಹಾಸನದ ನಮ್ಮ ಹಾಸ್ಟೆಲಿನ ಲೆಕ್ಕವನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಆ ಹತ್ತು ದಿನದ ವಿಷಯ. ಹುಡುಗ 3ನೇ ತಾರೀಖು ಬೆಳಗ್ಗೆ ತಿಂಡಿ ತಿಂದು ಹೊರಟ. 12ರ ರಾತ್ರಿ ಊಟಕ್ಕೆ ವಾಪಸ್ ಬಂದ. ಒಂದು ಹೊತ್ತು ಉಂಡರೂ ನಮ್ಮಲ್ಲಿ ಅದು ಹಾಜರಿ ದಿನವೇ. ಹಾಗಾಗಿ 4ರಿಂದ 11ರವರೆಗೆ, ಅಂದರೆ 8 ದಿನ ಮಾತ್ರ ಕಳೆಯುತ್ತದೆ. 31ರಲ್ಲಿ ಅದು ಹೋದರೆ 23 ದಿನ.

ಇನ್ನು ದಿನದ ದರ. ತಿಂಗಳ ಶುರುವಿನಲ್ಲಿ ಸ್ಟೋರ್ ರೂಮಿನಲ್ಲಿದ್ದ ದಿನಸಿಯ ಬೆಲೆಗೆ ಆ ತಿಂಗಳು ತಂದದ್ದನ್ನು ಸೇರಿಸುತ್ತೇವೆ. ಕೊನೆಯ ದಿನ ಉಳಿದದ್ದನ್ನು ಕಳೆಯುತ್ತೇವೆ. ಮುಂದಿನ ತಿಂಗಳ ಅಕ್ಕಿ ಮೂಟೆಯ ಭಾರ ಈ ತಿಂಗಳ ಬಿಲ್ ಮೇಲೆ ಬೀಳಬಾರದು, ಅಲ್ವಾ? ಹಾಲು, ತರಕಾರಿ, ಗ್ಯಾಸ್ ಖರ್ಚೂ ಇದರಲ್ಲೇ ಸೇರುತ್ತದೆ. ಆಮೇಲೆ ಅಡುಗೆಯವರ ಸಂಬಳ ಕೂಡಿಸಿ, ಎಲ್ಲ ಮಕ್ಕಳ ಹಾಜರಿ ದಿನಗಳ ಒಟ್ಟು ಮೊತ್ತದಿಂದ ಭಾಗಿಸುತ್ತೇವೆ.

ದರ ಏರಿದ್ದು ಇಲ್ಲೇ. ಸೆಪ್ಟೆಂಬರ್‌ನಲ್ಲಿ ಒಟ್ಟು ಹಾಜರಿ 2,250 ದಿನ. ದಿನಸಿ, ಗ್ಯಾಸ್ ಎಲ್ಲ ಸೇರಿ 1,68,750 ರೂಪಾಯಿ, ಸಂಬಳ 54,000. ಭಾಗಿಸಿದರೆ ದಿನಕ್ಕೆ 99 ರೂಪಾಯಿ. ಅಕ್ಟೋಬರ್‌ನಲ್ಲಿ ಹಾಜರಿ 1,500ಕ್ಕೆ ಇಳಿಯಿತು. ಉಣ್ಣುವವರು ಕಡಿಮೆ, ಹಾಗಾಗಿ ದಿನಸಿ ಖರ್ಚು 1,12,500ಕ್ಕೆ ಬಂತು. ಎರಡೂ ತಿಂಗಳು ಒಬ್ಬರ ಒಂದು ದಿನದ ಊಟದ ಖರ್ಚು 75 ರೂಪಾಯಿಯೇ. ಆದರೆ ಸಂಬಳ ಇಳಿಯಲಿಲ್ಲ. ಅದೇ 54,000 ಕಡಿಮೆ ದಿನಗಳಿಗೆ ಹಂಚಿಹೋಗಿ, ದಿನಕ್ಕೆ 24 ಇದ್ದದ್ದು 36 ಆಯಿತು. ದರ 111ಕ್ಕೆ ಬಂತು.

ಊರಿಗೆ ಹೋದ ಹುಡುಗನಿಗೆ 23 ದಿನಕ್ಕೆ 2,553 ರೂಪಾಯಿ. ಇಲ್ಲೇ ಇದ್ದು ಓದಿದವನಿಗೆ 31 ದಿನಕ್ಕೆ 3,441. ಸೆಪ್ಟೆಂಬರ್‌ನಲ್ಲಿ ಪೂರ್ತಿ ತಿಂಗಳಿಗೆ ಅವನು ಕೊಟ್ಟದ್ದು 2,970. ಅವನ ಊಟ ಜಾಸ್ತಿ ಆಗಲಿಲ್ಲ, ಆದರೂ ರಜೆಗೆ ಹೋದವರ ಪಾಲಿನ ಸಂಬಳದ ಭಾರ ಅವನ ಮೇಲೆ ಬಿತ್ತು. ಇದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ಮುಂದಿನ ತಿಂಗಳಿಂದ ಸಂಬಳವನ್ನು ನಮ್ಮ 80 ಮಕ್ಕಳಿಗೂ ಸಮನಾಗಿ ಹಂಚುತ್ತೇವೆ. ತಲೆಗೆ 675 ರೂಪಾಯಿ ಬರುತ್ತದೆ. ಹಾಜರಿ ದಿನ ಊಟದ ಖರ್ಚಿಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅಕ್ಟೋಬರ್ ಬಿಲ್ ಹೀಗೆ ಮಾಡಿದ್ದರೆ ಇಲ್ಲೇ ಇದ್ದವನಿಗೆ 3,000, ಊರಿಗೆ ಹೋದವನಿಗೆ 2,400 ಬರುತ್ತಿತ್ತು.

ಒಂದು ಮಾತು ನೆನಪಿರಲಿ. ಮಕ್ಕಳು ಊರಿಗೆ ಹೊರಡುವ ಹಿಂದಿನ ದಿನವೇ ಮೆಸ್ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಹೇಳದೆ ಹೋದರೆ ಅವರ ಪಾಲಿನ ಅಕ್ಕಿ ಬೆಂದಿರುತ್ತದೆ, ಹಾಲು ಬಂದಿರುತ್ತದೆ. ಆ ದಿನ ಕಳೆಯಲು ಆಗುವುದಿಲ್ಲ. ಬಿಲ್‌ನಲ್ಲಿ ದಿನಗಳು ತಪ್ಪಿವೆ ಅನಿಸಿದರೆ, ಮೊದಲು ಆ ಪುಸ್ತಕದಲ್ಲಿರುವ ಮಗನ ಸಹಿ, ತಾರೀಖು ನೋಡಿ. ಪುಸ್ತಕ ಆಫೀಸಿನಲ್ಲೇ ಇರುತ್ತದೆ, ಬಂದು ಕೇಳಿದರೆ ತೋರಿಸುತ್ತೇವೆ.

ಇಂತಿ,
ವಾರ್ಡನ್