ಕಳಿಸಿದ ಅರ್ಜಿಯಲ್ಲಿ ಫೋನ್ ನಂಬರ್ ತಪ್ಪಾಗಿದೆ, ಈಗೇನು ಮಾಡಲಿ?

ಓದುಗರ ಪ್ರಶ್ನೆ: ನಿನ್ನೆ ರಾತ್ರಿ ಅಕೌಂಟ್ಸ್ ಅಸಿಸ್ಟೆಂಟ್ ಕೆಲಸಕ್ಕೆ ಇಮೇಲ್‌ನಲ್ಲಿ ಅರ್ಜಿ ಕಳಿಸಿದೆ. ಬೆಳಿಗ್ಗೆ ನೋಡಿದರೆ ರೆಸ್ಯೂಮೆಯಲ್ಲಿ ನನ್ನ ಫೋನ್ ನಂಬರಿನ ಕೊನೆಯ ಎರಡು ಅಂಕಿ ಅದಲುಬದಲಾಗಿವೆ. ಸಾಲದ್ದಕ್ಕೆ, ಬೇರೆ ಕಂಪನಿಗೆ ಬರೆದಿದ್ದ ಕವರ್ ಲೆಟರ್ ಇವರಿಗೆ ಹೋಗಿಬಿಟ್ಟಿದೆ. ಇನ್ನೊಂದು ಮೇಲ್ ಹಾಕಿದರೆ ತಪ್ಪನ್ನು ನಾನೇ ಎತ್ತಿ ತೋರಿಸಿದ ಹಾಗಾಗುತ್ತೆ ಅಲ್ವಾ? ಸುಮ್ನೆ ಬಿಟ್ಟುಬಿಡಲಾ?

ಉತ್ತರ: ಬಿಡಬೇಡಿ. ಇವತ್ತೇ ಒಂದು ಚಿಕ್ಕ ಮೇಲ್ ಹಾಕಿ.

ಎಲ್ಲ ತಪ್ಪಿಗೂ ಹೀಗೆ ಮೇಲ್ ಹಾಕಬೇಕು ಅಂತಲ್ಲ. ಎಲ್ಲೋ ಒಂದು ಕಾಗುಣಿತ ತಪ್ಪಿದ್ದರೆ, ಒಂದು ಸಾಲು ಸ್ವಲ್ಪ ವಕ್ರವಾಗಿ ಬಂದಿದ್ದರೆ ಅದರ ಪಾಡಿಗೆ ಇರಲಿ. ಓದುವವರ ಕಣ್ಣಿಗೆ ಬೀಳದೇ ಹೋಗಬಹುದಾದದ್ದನ್ನು ನೀವಾಗಿ ಹೇಳುವ ಅಗತ್ಯವಿಲ್ಲ. ಆದರೆ ಈ ತಪ್ಪಿನಿಂದ ಅವರಿಗೆ ನೀವು ಸಿಗದೇ ಹೋಗುವುದಾದರೆ, ಇಲ್ಲವೇ ನಿಮ್ಮ ಬಗ್ಗೆ ಅವರು ಸುಳ್ಳು ಸಂಗತಿಯನ್ನು ನಂಬುವುದಾದರೆ ತಿದ್ದಲೇಬೇಕು. ನಿಮ್ಮ ನಂಬರ್ ಮೊದಲನೆಯ ಜಾತಿಯದು. ಅವರು ಇಂಟರ್‌ವ್ಯೂಗೆ ಕರೆಯಲು ಫೋನ್ ಮಾಡಿದರೂ ಅದು ಇನ್ಯಾರಿಗೋ ಹೋಗುತ್ತದೆ. ಒಂದೆರಡು ಸಲ ನೋಡಿ ಪಟ್ಟಿಯಲ್ಲಿ ಮುಂದಿನವರಿಗೆ ಮಾಡುತ್ತಾರೆ, ಅಷ್ಟೇ. ಕವರ್ ಲೆಟರ್ ಅಂತೂ ಬೇರೆ ಕಂಪನಿಯ ಹೆಸರು ಹೊತ್ತುಕೊಂಡೇ ಹೋಗಿದೆ, ಅದನ್ನು ಅವರು ನೋಡಿಯೇ ನೋಡುತ್ತಾರೆ.

ಬರೆಯುವ ಮುಂಚೆ ಒಂದು ಕೆಲಸ ಇದೆ. ಕಳಿಸಿದ ಮೇಲ್ ತೆರೆದು, ಅದರಲ್ಲಿರುವ ಫೈಲುಗಳನ್ನು ಅಲ್ಲಿಂದಲೇ ಡೌನ್‌ಲೋಡ್ ಮಾಡಿ ಪೂರ್ತಿ ಓದಿ. ನಿಮ್ಮ ಕಂಪ್ಯೂಟರಿನಲ್ಲಿರುವ ಫೈಲ್ ನೋಡಿದರೆ ಸಾಲದು, ಅವರಿಗೆ ಹೋಗಿರುವುದು ಅದರ ಹಳೆಯ ಪ್ರತಿ ಇರಬಹುದು. ನಂಬರ್ ಎಲ್ಲೆಲ್ಲಿ ಬಂದಿದೆ ನೋಡಿ: ರೆಸ್ಯೂಮೆಯ ತಲೆಯಲ್ಲಿ, ಕವರ್ ಲೆಟರಿನ ಕೊನೆಯಲ್ಲಿ, ಮೇಲ್‌ನಲ್ಲಿ ನಿಮ್ಮ ಹೆಸರಿನ ಕೆಳಗೆ. ಇಷ್ಟು ಜೋಪಾನ ಯಾಕೆಂದರೆ, ತಿದ್ದುಪಡಿಯ ಮೇಲ್ ಒಂದೇ ಇರಬೇಕು. ಒಂದು ತಿದ್ದುಪಡಿಯನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಮಧ್ಯಾಹ್ನ ಒಂದು, ಸಂಜೆ ಇನ್ನೊಂದು ಹೋದರೆ ಮಾತ್ರ ನೀವು ಹೆದರುತ್ತಿರುವ ಅಭಿಪ್ರಾಯ ಬರುತ್ತದೆ. ಅದೂ ಅಂಕಿ ತಪ್ಪಬಾರದ ಲೆಕ್ಕಪತ್ರದ ಕೆಲಸಕ್ಕೆ ಅರ್ಜಿ ಹಾಕಿದ್ದೀರಿ.

ಹೊಸ ಮೇಲ್ ಶುರು ಮಾಡುವ ಬದಲು, ಕಳಿಸಿದ ಮೇಲ್‌ಗೇ ರಿಪ್ಲೈ ಒತ್ತಿ. ಆಗ ತಿದ್ದುಪಡಿ ಮೂಲ ಅರ್ಜಿಯ ಜೊತೆಯಲ್ಲೇ ಕೂರುತ್ತದೆ, ಹುಡುಕುವ ಕಷ್ಟ ಅವರಿಗಿಲ್ಲ. ಎರಡು ವಿಷಯ ಗಮನಿಸಿ. ಯಾರಿಗೆ ಹೋಗುತ್ತಿದೆ ಎಂಬ ಜಾಗದಲ್ಲಿ ಅವರ ವಿಳಾಸವೇ ಇದೆಯಾ ನೋಡಿ, ಕೆಲವು ಮೇಲ್ ಆ್ಯಪ್‌ಗಳಲ್ಲಿ ಅದು ನಿಮಗೇ ವಾಪಸ್ ಬರುವ ಹಾಗೆ ಆಗುತ್ತದೆ. ಇನ್ನೊಂದು, ರಿಪ್ಲೈ ಮಾಡಿದಾಗ ಹಳೆಯ ಫೈಲುಗಳು ಜೊತೆಗೆ ಹೋಗುವುದಿಲ್ಲ. ಸರಿಮಾಡಿದ ಎರಡೂ ಫೈಲುಗಳನ್ನು ಹೊಸದಾಗಿ ಸೇರಿಸಬೇಕು. ವಿಷಯದ ಸಾಲನ್ನು ಮುಟ್ಟಬೇಡಿ, ಅದನ್ನು ಬದಲಾಯಿಸಿದರೆ ಮೇಲ್ ಬೇರೆಯಾಗಿ ಹೋಗಿ ಕೂರಬಹುದು.

ಮೇಲ್ ಇಷ್ಟಿದ್ದರೆ ಸಾಕು:

> ನಮಸ್ಕಾರ,
>
> ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ನಿನ್ನೆ ನಾನು ಕಳಿಸಿದ ಅರ್ಜಿಯಲ್ಲಿ ಎರಡು ತಿದ್ದುಪಡಿ ಇದೆ. ನನ್ನ ಸರಿಯಾದ ಫೋನ್ ನಂಬರ್: (ಪೂರ್ತಿ ನಂಬರ್). ರೆಸ್ಯೂಮೆಯಲ್ಲಿ ಕೊನೆಯ ಎರಡು ಅಂಕಿ ತಪ್ಪಾಗಿದ್ದವು. ಕವರ್ ಲೆಟರ್ ಕೂಡ ತಪ್ಪಾಗಿ ಬೇರೆಯದು ಸೇರಿತ್ತು.
>
> ಸರಿಯಾದ ರೆಸ್ಯೂಮೆ ಮತ್ತು ಕವರ್ ಲೆಟರ್ ಇದರ ಜೊತೆಗಿವೆ. ದಯವಿಟ್ಟು ನಿನ್ನೆಯ ಫೈಲುಗಳ ಬದಲು ಇವನ್ನು ತೆಗೆದುಕೊಳ್ಳಿ. ತೊಂದರೆಗೆ ಕ್ಷಮಿಸಿ.
>
> (ಹೆಸರು)

ಇದರಲ್ಲಿ ತಪ್ಪು ನಂಬರನ್ನು ಬರೆದೇ ಇಲ್ಲ, ಗಮನಿಸಿದಿರಾ? "47 ಅಲ್ಲ, 74" ಅಂತ ಬಿಡಿಸಿ ಹೇಳಬೇಕು ಅನ್ನಿಸುವುದು ಸಹಜ. ಆದರೆ ಅವಸರದಲ್ಲಿ ಓದುವವರು ಕಣ್ಣಿಗೆ ಮೊದಲು ಬಿದ್ದ ನಂಬರನ್ನೇ ಎತ್ತಿಕೊಳ್ಳುತ್ತಾರೆ. ಮೇಲ್‌ನಲ್ಲಿ ಒಂದೇ ನಂಬರ್ ಇರಲಿ, ಅದು ಸರಿಯಾದದ್ದಿರಲಿ, ಪೂರ್ತಿ ಇರಲಿ.

ನಂಬರನ್ನು ಮೇಲ್‌ನಲ್ಲೇ ಹೇಳಿದ ಮೇಲೆ ರೆಸ್ಯೂಮೆ ಮತ್ತೆ ಯಾಕೆ ಕಳಿಸಬೇಕು? ಯಾಕೆಂದರೆ ಇಂಟರ್‌ವ್ಯೂ ಮಾಡುವವರ ಕೈಗೆ ಹೋಗುವುದು ಸಾಮಾನ್ಯವಾಗಿ ರೆಸ್ಯೂಮೆ ಮಾತ್ರ. ಅದನ್ನು ಪ್ರಿಂಟ್ ತೆಗೆಯುತ್ತಾರೆ, ಇಲ್ಲವೇ ಇನ್ನೊಬ್ಬರಿಗೆ ದಾಟಿಸುತ್ತಾರೆ. ನಿಮ್ಮ ತಿದ್ದುಪಡಿಯ ಮೇಲ್ ಅದರ ಹಿಂದೆ ಓಡಿಹೋಗುವುದಿಲ್ಲ. ಫೈಲಿನ ಹೆಸರೂ ಬೇರೆಯೇ ಇರಲಿ, ಹಳೆಯದು `Resume_Accounts.pdf` ಆಗಿದ್ದರೆ ಹೊಸದಕ್ಕೆ `Resume_Accounts_Corrected.pdf` ಅಂತಿಡಿ. ಒಂದೇ ಹೆಸರಿನ ಎರಡು ಫೈಲ್ ಇದ್ದರೆ ಯಾವುದು ಹೊಸದು ಅಂತ ಅವರಿಗೆ ಗೊತ್ತಾಗುವುದು ಕಷ್ಟ.

ರೆಸ್ಯೂಮೆ ತೆರೆದ ಕೂಡಲೇ ಅಲ್ಲೊಂದು ಇಲ್ಲೊಂದು ಸಾಲು ಚೆಂದ ಮಾಡೋಣ ಅನ್ನಿಸುತ್ತದೆ. ದಯವಿಟ್ಟು ಬೇಡ. ನಂಬರ್ ತಿದ್ದಿದ್ದೇನೆ ಅಂತ ಹೇಳಿ ಅನುಭವದ ಸಾಲನ್ನೂ ಬದಲಾಯಿಸಿದರೆ, ಎರಡನ್ನೂ ಹೋಲಿಸಿ ನೋಡಿದವರಿಗೆ ಅನುಮಾನ ಬರುತ್ತದೆ. ಹೇಳಿದ್ದನ್ನು ಮಾತ್ರ ತಿದ್ದಿ. ಹಾಗೆಯೇ ತಪ್ಪು ಹೇಗಾಯಿತು ಅನ್ನುವ ಕಥೆಯೂ ಬೇಡ. ತಡರಾತ್ರಿಯಾಗಿತ್ತು, ನೆಟ್ ನಿಧಾನವಿತ್ತು ಅನ್ನುವುದೆಲ್ಲ ಅವರ ಕೆಲಸಕ್ಕೆ ಬರುವುದಿಲ್ಲ. ಒಂದು "ಕ್ಷಮಿಸಿ" ಸಾಕು, ಜಾಸ್ತಿ ಹೇಳಿದಷ್ಟೂ ತಪ್ಪು ದೊಡ್ಡದಾಗಿ ಕಾಣುತ್ತದೆ.

ಒಂದು ಸಂದರ್ಭದಲ್ಲಿ ಮಾತ್ರ ಇನ್ನೊಂದು ಸಾಲು ಸೇರಿಸಿ. ತಪ್ಪಾಗಿ ಹೋದದ್ದು ಬೇರೆಯವರ ಗುರುತಿನ ಚೀಟಿಯೋ, ಸಂಬಳದ ಚೀಟಿಯೋ ಆಗಿದ್ದರೆ "ಅದನ್ನು ದಯವಿಟ್ಟು ಅಳಿಸಿಬಿಡಿ" ಎಂದು ಕೇಳಿ. ಆ ಕಾಗದ ಯಾರದೋ ಅವರಿಗೂ ವಿಷಯ ತಿಳಿಸಿ. ಮೇಲ್ ವಾಪಸ್ ಎಳೆದುಕೊಳ್ಳುವ ಆಸೆ ಬಿಡಿ. ಜಿಮೇಲ್‌ನಲ್ಲಿ ಅದಕ್ಕೆ ಸಿಗುವುದು ಹೆಚ್ಚೆಂದರೆ 30 ಸೆಕೆಂಡ್, ನಿಮ್ಮದು ರಾತ್ರಿಯೇ ಹೋಗಿಯಾಗಿದೆ.

ಅರ್ಜಿಯನ್ನು ವೆಬ್‌ಸೈಟಿನಲ್ಲಿ ತುಂಬಿದ್ದರೆ ದಾರಿ ಸ್ವಲ್ಪ ಬೇರೆ. ಲಾಗಿನ್ ಆಗಿ ಪ್ರೊಫೈಲಿನಲ್ಲಿ ನಂಬರ್ ಬದಲಾಯಿಸಿದರೆ ಆಯಿತು ಅಂದುಕೊಳ್ಳಬೇಡಿ. ಎಷ್ಟೋ ಕಡೆ ಅರ್ಜಿ ಸಲ್ಲಿಸಿದ ಕ್ಷಣದ ಪ್ರತಿಯೇ ಅವರ ಬಳಿ ಉಳಿಯುತ್ತದೆ, ನೀವು ಪ್ರೊಫೈಲ್ ತಿದ್ದಿದ್ದು ಅದಕ್ಕೆ ಅಂಟುವುದಿಲ್ಲ. ಸಲ್ಲಿಸಿದ ಅರ್ಜಿಯನ್ನೇ ತೆರೆದು, ಅಲ್ಲಿ ಯಾವ ನಂಬರ್ ಕಾಣುತ್ತಿದೆ ನೋಡಿ. ಹಳೆಯದೇ ಇದ್ದರೆ ಜಾಹೀರಾತಿನಲ್ಲಿ ಕೊಟ್ಟಿರುವ ವಿಳಾಸಕ್ಕೆ ಇದೇ ಮೇಲ್ ಕಳಿಸಿ, ಅರ್ಜಿಯ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಹಾಕಿ. ಅರ್ಜಿ ಬಂದಿದೆ ಅಂತ ತಾನಾಗಿ ಬರುವ ಮೇಲ್‌ಗೆ ರಿಪ್ಲೈ ಮಾಡುವ ಮುಂಚೆ ವಿಳಾಸ ನೋಡಿ, ಅದರಲ್ಲಿ `noreply` ಅಂತ ಇದ್ದರೆ ನಿಮ್ಮ ಉತ್ತರವನ್ನು ಯಾರೂ ಓದುವುದಿಲ್ಲ. ಅರ್ಜಿ ಹಿಂದೆ ಪಡೆದು ಮತ್ತೆ ಹಾಕುವುದು ಕೊನೆಯ ದಾರಿ. ಕೆಲವು ಕಡೆ ಒಮ್ಮೆ ಹಿಂದೆ ಪಡೆದರೆ ಅದೇ ಹುದ್ದೆಗೆ ಮತ್ತೆ ಹಾಕಲು ಬಿಡುವುದಿಲ್ಲ. ಹಾಕಬಹುದು ಅಂತ ಸ್ಪಷ್ಟವಾಗಿ ಬರೆದಿದ್ದು, ಕೊನೆಯ ದಿನಾಂಕವೂ ದೂರವಿದ್ದರೆ ಮಾತ್ರ ಆ ಗುಂಡಿ ಒತ್ತಿ.

ಇನ್ನು, ನಿಮ್ಮ ತಿದ್ದುಪಡಿಗೆ ಉತ್ತರ ಬರದಿದ್ದರೆ ಗಾಬರಿ ಬೇಡ. ಇಂಥ ಮೇಲ್‌ಗಳಿಗೆ ಹೆಚ್ಚಿನವರು ಉತ್ತರಿಸುವುದಿಲ್ಲ, ಫೈಲ್ ಬದಲಾಯಿಸಿ ಮುಂದೆ ಹೋಗುತ್ತಾರೆ. "ಸಿಕ್ಕಿತಾ?" ಅಂತ ಮತ್ತೆ ಕೇಳಬೇಡಿ. ಆದರೆ ಕೆಲವು ದಿನ ಮೇಲ್‌ನ ಸ್ಪ್ಯಾಮ್ ಫೋಲ್ಡರ್ ಕೂಡ ನೋಡುತ್ತಿರಿ. ತಪ್ಪು ನಂಬರಿಗೆ ಆಗಲೇ ಫೋನ್ ಮಾಡಿ ನೋಡಿದವರು ಮುಂದೆ ಮೇಲ್ ಹಾಕಿರಬಹುದು.